ಮೂರು ದಿನದ ಕಾರ್ಯಾಗಾರದ ವೇಳಾಪಟ್ಟಿ ಒಂದೇ ಸಂದೇಶದಲ್ಲಿ

ಹಲವು ದಿನ ನಡೆಯುವ ಕಾರ್ಯಾಗಾರದ ವೇಳಾಪಟ್ಟಿ ಈಗ ಹೆಚ್ಚಾಗಿ ವಾಟ್ಸ್‌ಆ್ಯಪ್ ಸಂದೇಶವಾಗಿಯೇ ಶಿಬಿರಾರ್ಥಿಗಳನ್ನು ತಲುಪುತ್ತದೆ. ಆಯೋಜಕರು ಅದನ್ನು ಕಂಪ್ಯೂಟರಿನಲ್ಲಿ ಕೋಷ್ಟಕವಾಗಿ ಬರೆಯುತ್ತಾರೆ, ಓದುವವರು ಅಂಗೈಯಗಲದ ಪರದೆಯಲ್ಲಿ ನೋಡುತ್ತಾರೆ. ಕೋಷ್ಟಕವನ್ನು ಹಾಗೆಯೇ ನಕಲಿಸಿ ಅಂಟಿಸಿದರೆ ಗೆರೆಗಳು ಉಳಿಯುವುದಿಲ್ಲ. ಯಾವ ಹೊತ್ತು ಯಾವ ಗೋಷ್ಠಿಯದೆಂದೇ ತಿಳಿಯದಂತಾಗುತ್ತದೆ. ಕನ್ನಡ ಅಕ್ಷರಗಳ ಅಗಲ ಒಂದೇ ಸಮನಾಗಿಲ್ಲದ ಕಾರಣ ನಡುನಡುವೆ ಖಾಲಿ ಜಾಗ ಬಿಟ್ಟು ಸಾಲು ಹೊಂದಿಸುವುದೂ ಫಲಿಸದು. ಒಂದು ಗೋಷ್ಠಿಗೆ ಒಂದು ಸಾಲು, ಸಾಲಿನ ಮೊದಲಿಗೆ ಸಮಯ: ಈ ಕ್ರಮ ಮಾತ್ರ ಎಲ್ಲ ಫೋನುಗಳಲ್ಲೂ ಕೆಡದೆ ನಿಲ್ಲುತ್ತದೆ.

ಉದಾಹರಣೆಗೆ, ಶಿಕಾರಿಪುರದ ಕಾಲೇಜೊಂದರಲ್ಲಿ ಮೂರು ದಿನದ ಶಾಸನ ಅಧ್ಯಯನ ಕಾರ್ಯಾಗಾರ ಇದೆಯೆಂದು ಇಟ್ಟುಕೊಳ್ಳಬಹುದು. ಮೊದಲ ದಿನ ಉಪನ್ಯಾಸ, ಎರಡನೆಯ ದಿನ ಕಲ್ಲಿನಿಂದ ಪಡಿಯಚ್ಚು ತೆಗೆಯುವ ಅಭ್ಯಾಸ, ಮೂರನೆಯ ದಿನ ಬಳ್ಳಿಗಾವಿಗೆ ಭೇಟಿ. ಎರಡನೆಯ ದಿನದ ಭಾಗ ಹೀಗಿರಬಹುದು:

```
*ದಿನ 2: ಶನಿವಾರ, ಡಿಸೆಂಬರ್ 13*
ಬೆ. 9:30–11:00 ಹಳಗನ್ನಡ ಲಿಪಿ ಅಭ್ಯಾಸ, ಕೊಠಡಿ 4
ಬೆ. 11:00–11:20 ಚಹಾ, ಕೊಠಡಿ 4ರ ಎದುರು
ಬೆ. 11:20–ಮ. 1:00 ಪಡಿಯಚ್ಚು, ಹಿಂದಿನ ಅಂಗಳ
ಮ. 1:00–2:00 ಊಟ, ನೆಲಮಹಡಿ
ಮ. 2:00–3:30 ಅಚ್ಚಿನ ಪಾಠ ಓದು, ಕೊಠಡಿ 4
*ತರಬೇಕಾದದ್ದು:* ಪೆನ್ಸಿಲ್, ಭೂತಗನ್ನಡಿ, ಮಸಿ ತಾಗಿದರೂ ಅಡ್ಡಿಯಿಲ್ಲದ ಬಟ್ಟೆ
```

ಪದದ ಎರಡೂ ಬದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ವಾಟ್ಸ್‌ಆ್ಯಪ್ ಅದನ್ನು ದಪ್ಪಕ್ಷರದಲ್ಲಿ ತೋರಿಸುತ್ತದೆ. ಚಿಹ್ನೆಗೂ ಪದಕ್ಕೂ ನಡುವೆ ಖಾಲಿ ಜಾಗ ಉಳಿದರೆ ಅಕ್ಷರ ದಪ್ಪವಾಗದೆ ನಕ್ಷತ್ರಗಳೇ ಕಾಣುತ್ತವೆ. ದಪ್ಪಕ್ಷರ ದಿನದ ತಲೆಬರಹಕ್ಕೂ ತರಬೇಕಾದ ವಸ್ತುಗಳ ಸಾಲಿಗೂ ಸಾಕು. ಎಲ್ಲವೂ ದಪ್ಪವಾದರೆ ಯಾವುದೂ ಕಣ್ಣಿಗೆ ಬೀಳದು. ಉದ್ದದ ಸಂದೇಶದ ಕೊನೆಯ ಭಾಗ ಒತ್ತಿ ತೆರೆಯುವವರೆಗೆ ಮಡಚಿಕೊಂಡೇ ಇರುತ್ತದೆ. ಆದ್ದರಿಂದ ಸ್ವಾಗತ, ಅತಿಥಿಗಳ ಬಿರುದಾವಳಿ ಮೊದಲಿಗೆ ಬಂದರೆ ವೇಳಾಪಟ್ಟಿಯೇ ಮರೆಯಾಗಿಬಿಡುವ ಅಪಾಯವಿದೆ.

ತಲೆಬರಹದಲ್ಲಿ ವಾರ, ತಾರೀಖು ಎರಡೂ ಇರಬೇಕು. ಸಂದೇಶ ಒಬ್ಬರಿಂದೊಬ್ಬರಿಗೆ ದಾಟುತ್ತ ಹೋದಾಗ ‘ನಾಳೆ’ ಎಂಬ ಮಾತು ಓದಿದ ದಿನಕ್ಕೆ ತಕ್ಕಂತೆ ಬದಲಾಗುತ್ತದೆ. ಕಳೆದ ವರ್ಷದ ಸಂದೇಶವನ್ನೇ ತಿದ್ದಿ ಬಳಸುವಾಗ ತಾರೀಖು ಹೊಸದಾಗಿ ವಾರ ಹಳೆಯದೇ ಉಳಿಯುವುದುಂಟು. ಕ್ಯಾಲೆಂಡರ್ ಎದುರಿಗಿಟ್ಟು ಒಮ್ಮೆ ಹೋಲಿಸಿದರೆ ಸಿಕ್ಕಿಬೀಳುತ್ತದೆ.

ಹೆಚ್ಚಿನ ವೇಳಾಪಟ್ಟಿಗಳು ಸೋಲುವುದು ವಿರಾಮದ ಸಾಲುಗಳಲ್ಲಿ. ಮೇಲಿನ ಪಟ್ಟಿಯಲ್ಲಿ ಪಡಿಯಚ್ಚಿನ ಗೋಷ್ಠಿಯನ್ನು ಊಟದ ಮುಂಚೆ ಇಟ್ಟದ್ದಕ್ಕೆ ಕಾರಣವಿದೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ತಗ್ಗುಗಳಿಗೆ ಕೂರಿಸಿ, ಕಾಗದ ತುಸು ಆರಿದ ಮೇಲೆ ಮಸಿ ಹಚ್ಚುತ್ತಾರೆ. ಪೂರ್ತಿ ಒಣಗಿದ ಮೇಲೆಯೇ ಅದನ್ನು ಕಲ್ಲಿನಿಂದ ಬಿಡಿಸುವುದು. ಊಟದ ಒಂದು ಗಂಟೆ ಕಾಗದಕ್ಕೆ ಒಣಗುವ ಹೊತ್ತೂ ಹೌದು. ಇದೇ ಗೋಷ್ಠಿಯನ್ನು ಸಂಜೆಗೆ ತಳ್ಳಿದರೆ ಅಚ್ಚನ್ನು ಅಂದೇ ಓದಲಾಗದು. ಎಲ್ಲರೂ ಮಸಿ ತೊಳೆದುಕೊಂಡು ಊಟಕ್ಕೆ ಕೂರಬೇಕಾದ್ದರಿಂದ ಅರ್ಧ ಗಂಟೆಯ ವಿರಾಮವೂ ಸಾಲದು. ಚಹಾ ಎಲ್ಲಿ ಎಂದು ಬರೆಯುವುದಕ್ಕೂ ಇಂಥದೇ ಕಾರಣ: ಜಾಗ ಹೇಳದಿದ್ದರೆ ಜನ ಕ್ಯಾಂಟೀನಿನ ಕಡೆ ಚದುರುತ್ತಾರೆ, ಇಪ್ಪತ್ತು ನಿಮಿಷ ನಲವತ್ತಾಗುತ್ತದೆ.

ಕೊಠಡಿಯ ಹೆಸರು ಪ್ರತಿ ಸಾಲಿನಲ್ಲೂ ಬರಬೇಕು, ಬದಲಾಗದಿದ್ದರೂ ಸರಿ. ತಡವಾಗಿ ಬಂದವರು ಆ ಹೊತ್ತಿನ ಸಾಲನ್ನಷ್ಟೇ ನೋಡುತ್ತಾರೆ. ಹೊರಗಿನವರಿಗೆ ಬರೀ ಸಂಖ್ಯೆ ಸಾಲದು. ‘ಕೊಠಡಿ 4: ಮೊದಲ ಮಹಡಿ, ಗ್ರಂಥಾಲಯದ ಮೇಲೆ’ ಎಂದು ಸಂದೇಶದ ಆರಂಭದಲ್ಲಿ ಒಮ್ಮೆ ವಿವರಿಸಿದರೆ ಆಯಿತು.

ತರಬೇಕಾದ ವಸ್ತುಗಳನ್ನು ಮೂರೂ ದಿನಕ್ಕೆ ಒಟ್ಟಾಗಿ ಕೊನೆಯಲ್ಲಿ ಕೊಡುವ ರೂಢಿ ಇದೆ. ಇದರಿಂದ ಮೂರನೆಯ ದಿನದ ಟೋಪಿ, ನೀರಿನ ಬಾಟಲಿ ಮೊದಲ ದಿನವೇ ಬರುತ್ತವೆ, ಬೇಕಾದಾಗ ಇರುವುದಿಲ್ಲ. ಆಯಾ ದಿನದ ಅಡಿಯಲ್ಲೇ ಬರೆಯುವುದು ಮೇಲು. ಭೂತಗನ್ನಡಿಯಂಥ ಕೊಳ್ಳಬೇಕಾದ ವಸ್ತುವನ್ನು ಮಾತ್ರ ಮೇಲ್ಗಡೆಯೂ ಒಮ್ಮೆ ಹೇಳಬೇಕು. ಮಸಿ, ಕಾಗದ, ಬ್ರಷ್ ಇಲ್ಲೇ ಕೊಡಲಾಗುವುದು ಎಂಬ ಒಂದು ಸಾಲು ಹತ್ತಾರು ಫೋನ್ ಕರೆಗಳನ್ನು ತಪ್ಪಿಸುತ್ತದೆ. ಬಳ್ಳಿಗಾವಿಯ ದಿನ ‘8ಕ್ಕೆ ಬಸ್’ ಎಂದರೆ ಕೆಲವರು ಎಂಟಕ್ಕೆ ಮನೆ ಬಿಡುತ್ತಾರೆ. ‘ಬೆ. 7:40ಕ್ಕೆ ಕಾಲೇಜು ಗೇಟಿನ ಬಳಿ ಹಾಜರು, 8:00ಕ್ಕೆ ಬಸ್ ಹೊರಡುತ್ತದೆ’ ಎಂದರೆ ಅನುಮಾನ ಉಳಿಯದು.

ಕಳಿಸಿದ ಮೇಲೆ ಬದಲಾವಣೆ ಬಂದೇ ಬರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ಆದರೆ ಅಷ್ಟರಲ್ಲಿ ಬೇರೆ ಗುಂಪುಗಳಿಗೆ ದಾಟಿದ ಪ್ರತಿಗಳು ಹಳೆಯದಾಗಿಯೇ ಇರುತ್ತವೆ. ‘ಕೊಠಡಿ 4 ಬದಲು 6’ ಎಂಬ ತುಂಡು ಸಂದೇಶ ಯಾವ ದಿನದ್ದೆಂದು ಗೊತ್ತಾಗದೆ ಗೊಂದಲ ಹೆಚ್ಚಿಸುತ್ತದೆ. ಇಡೀ ಪಟ್ಟಿಯನ್ನು ಮತ್ತೆ ಕಳಿಸಿ, ಮೊದಲ ಸಾಲಿನಲ್ಲಿ ‘ಪರಿಷ್ಕೃತ: ಡಿಸೆಂಬರ್ 11, ಸಂಜೆ 6’ ಎಂದು ನಮೂದಿಸಿ, ಎರಡನೆಯ ಸಾಲಿನಲ್ಲಿ ಏನು ಬದಲಾಯಿತೆಂದು ತಿಳಿಸಿದರೆ, ಕೈಯಲ್ಲಿ ಎರಡು ಪ್ರತಿ ಇರುವವರಿಗೂ ಯಾವುದನ್ನು ನಂಬಬೇಕೆಂಬುದು ಸ್ಪಷ್ಟವಾಗುತ್ತದೆ.