ಸಾಲು ಇದೆ, ವಿಡಿಯೊ ಎಲ್ಲಿ?

40 ಎಂಬಿಯ ವಿಡಿಯೊವನ್ನು ಡೇಟಾಬೇಸ್ ಸಾಲಿನೊಳಗೆ ತುರುಕಿದರೆ, ಪ್ರತಿ ಪೂರ್ಣ ಬ್ಯಾಕಪ್ಪೂ ಅದನ್ನು ಹೊತ್ತು ತಿರುಗಬೇಕು. ಅದಕ್ಕೇ ಫೈಲು ಆಬ್ಜೆಕ್ಟ್ ಸ್ಟೋರೇಜಿಗೆ. ಡೇಟಾಬೇಸಿನಲ್ಲಿ ಅದರ ಕೀ, ಗಾತ್ರ, ಚೆಕ್‌ಸಮ್ ಮಾತ್ರ.

ತೊಡಕು ಇಲ್ಲೇ ಇರುವುದು. ಎರಡಕ್ಕೂ ಸೇರಿ ಒಂದೇ ಟ್ರಾನ್ಸಾಕ್ಷನ್ ಇಲ್ಲ. ಅಪ್‌ಲೋಡ್ ಅರ್ಧದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಸಾಲು ಉಳಿಯುತ್ತದೆ, ವಿಡಿಯೊ ಇರುವುದಿಲ್ಲ. ನೋಡುಗರಿಗೆ ಸಿಗುವುದು 404.

ಹಾಗಾಗಿ ಮೊದಲು `pending` ಎಂದು ಸಾಲು ಬರೆಯಿರಿ. ಆಮೇಲೆ ಅಪ್‌ಲೋಡ್. ಗಾತ್ರ, ಚೆಕ್‌ಸಮ್ ತಾಳೆಯಾದರೆ ಮಾತ್ರ `ready`. ಆ್ಯಪ್ ತೋರಿಸಬೇಕಾದ್ದೂ ಅದನ್ನಷ್ಟೇ. ವಿಡಿಯೊ ಬದಲಿಸುವಾಗ ಹಳೆಯ ಕೀ ಮೇಲೆ ಬರೆಯಲೇಬೇಡಿ, ಹೊಸ ಕೀ ಕೊಡಿ.

ಅಳಿಸುವಾಗ ಮೊದಲು ಸಾಲಿಗೆ `deleted` ಗುರುತು, ನಂತರ ಫೈಲು. ದಿನ ಕಳೆದರೂ `pending` ಆಗಿಯೇ ಉಳಿದ ಸಾಲುಗಳನ್ನು, ಅವುಗಳ ಫೈಲು ಸಮೇತ, ರಾತ್ರಿ ಓಡುವ ಜಾಬ್ ಗುಡಿಸಿಹಾಕಲಿ.