ಅರವತ್ತೇ ರೋಗಿಗಳ ಮಾಹಿತಿ, ನಂಬುವುದು ಯಾವ ಅಂಕಿಯನ್ನು?

2006ರಲ್ಲಿ ಸುಧೀರ್ ವರ್ಮ ಮತ್ತು ರಿಚರ್ಡ್ ಸೈಮನ್ ಎಂಬ ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. ಜೀನ್‌ಗಳ ಚಟುವಟಿಕೆಯನ್ನು ಹೋಲುವ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಎರಡು ಗುಂಪುಗಳ ನಡುವೆ ಯಾವ ವ್ಯತ್ಯಾಸವೂ ಇರದಂತೆ ನೋಡಿಕೊಂಡರು. ಇಂಥದ್ದರಲ್ಲಿ ಯಾವ ಮಾಡೆಲ್ ಆದರೂ ಅರ್ಧಕ್ಕರ್ಧ ತಪ್ಪಲೇಬೇಕು. ಆದರೆ ಸಪೋರ್ಟ್ ವೆಕ್ಟರ್ ಮಷೀನ್ ಎಂಬ ವಿಧಾನವನ್ನು ಟ್ಯೂನ್ ಮಾಡಿದಾಗ, ಶೇ 38ರಷ್ಟು ದತ್ತಾಂಶಗಳಲ್ಲಿ ತಪ್ಪಿನ ಪ್ರಮಾಣ ಶೇ 30ಕ್ಕಿಂತ ಕಡಿಮೆ ಎಂದು ಲೆಕ್ಕ ಬಂತು. ಇಲ್ಲದ ಜಾಣತನ ಅಂಕಿಯಲ್ಲಿ ಕಾಣಿಸಿತ್ತು.

ಟ್ಯೂನಿಂಗ್ ಎಂದರೆ ಮಾಡೆಲ್‌ನ ಸೆಟ್ಟಿಂಗನ್ನು ಹಲವು ಬೆಲೆಗಳಿಗೆ ಬದಲಿಸಿ, ಕಡಿಮೆ ತಪ್ಪು ಕೊಟ್ಟದ್ದನ್ನು ಉಳಿಸಿಕೊಳ್ಳುವುದು. ಇಪ್ಪತ್ತು ಜನ ತಲಾ ಹತ್ತು ಸಲ ನಾಣ್ಯ ಚಿಮ್ಮಿದರೆ ಒಬ್ಬರಿಗಾದರೂ ಏಳೆಂಟು ಸಲ ರಾಜಮುಖ ಬೀಳುವುದು ಸಹಜ, ಅದು ಕೈಚಳಕವಲ್ಲ. ಗೆದ್ದ ಸೆಟ್ಟಿಂಗ್‌ನ ಅಂಕಿಯಲ್ಲೂ ಇಂಥ ಅದೃಷ್ಟದ ಪಾಲಿರುತ್ತದೆ. ದತ್ತಾಂಶ ಚಿಕ್ಕದಾದಷ್ಟೂ ಆ ಪಾಲು ದೊಡ್ಡದು.

ಇದಕ್ಕೆ ಪರಿಹಾರ ನೆಸ್ಟೆಡ್ ಕ್ರಾಸ್ ವ್ಯಾಲಿಡೇಷನ್, ಅಂದರೆ ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು. 60 ರೋಗಿಗಳಿದ್ದಾರೆ ಎಂದಿಟ್ಟುಕೊಳ್ಳಿ. ಹೊರ ಸುತ್ತಿಗಾಗಿ ಅವರನ್ನು ತಲಾ 12 ಜನರ ಐದು ಗುಂಪು ಮಾಡಿ, ಒಂದು ಗುಂಪನ್ನು ಬದಿಗಿಡಬೇಕು. ಉಳಿದ 48 ಜನರನ್ನು ಒಳ ಸುತ್ತಿನಲ್ಲಿ ಮತ್ತೆ ನಾಲ್ಕು ಗುಂಪು ಮಾಡಿ, ಮೂರರಿಂದ ಕಲಿಸಿ ಒಂದರ ಮೇಲೆ ಪರೀಕ್ಷಿಸುತ್ತ ಐದು ಸೆಟ್ಟಿಂಗ್‌ಗಳನ್ನು ಹೋಲಿಸಬೇಕು. ಗೆದ್ದ ಸೆಟ್ಟಿಂಗ್‌ನಿಂದ ಅಷ್ಟೂ 48 ಜನರ ಮೇಲೆ ಮಾಡೆಲ್ ಕಟ್ಟಿ, ಬದಿಗಿಟ್ಟ 12 ಜನರ ಮೇಲೆ ಒಂದೇ ಸಲ ಪರೀಕ್ಷಿಸಬೇಕು. ಐದು ಗುಂಪುಗಳಿಗೂ ಇದನ್ನೇ ಮಾಡಿದರೆ, ಆಯ್ಕೆಯಲ್ಲಿ ಕೈಯಾಡಿಸದ ರೋಗಿಗಳೇ ಪ್ರತಿ ಸಲ ತೀರ್ಪು ಕೊಟ್ಟಂತಾಗುತ್ತದೆ. ಒಟ್ಟು 105 ಸಲ ಮಾಡೆಲ್ ಕಟ್ಟಬೇಕಾದರೂ ಇಷ್ಟು ಚಿಕ್ಕ ದತ್ತಾಂಶಕ್ಕೆ ಅದು ಹೊರೆಯಲ್ಲ.

ಎಡವುವ ಜಾಗ ಬೇರೆ. ಸಾವಿರಾರು ಜೀನ್‌ಗಳಿಂದ ಮುಖ್ಯವಾದವನ್ನು 60 ಜನರನ್ನೂ ನೋಡಿ ಮೊದಲೇ ಆರಿಸಿಕೊಂಡರೆ, ಬದಿಗಿಟ್ಟವರ ಗುಟ್ಟು ಆಗಲೇ ಸೋರಿರುತ್ತದೆ. ಜೀನ್ ಆಯ್ಕೆಯೂ ಸುತ್ತುಗಳ ಒಳಗೇ ನಡೆಯಬೇಕು. ಸೋರಿಕೆಯನ್ನು ಪತ್ತೆ ಮಾಡಲು ರೋಗಿಗಳ ಹಣೆಪಟ್ಟಿಗಳನ್ನು ಕಲೆಸಿ, ಇಡೀ ಲೆಕ್ಕವನ್ನು ಹಲವು ಸಲ ಓಡಿಸಿ. ಎರಡು ಗುಂಪುಗಳು ಸಮನಾಗಿದ್ದರೆ ತಪ್ಪಿನ ಸರಾಸರಿ ಶೇ 50ರ ಆಸುಪಾಸಿಗೆ ಬರಬೇಕು. ಅದಕ್ಕಿಂತ ತುಂಬ ಕೆಳಗಿದ್ದರೆ ಎಲ್ಲೋ ತೂತಿದೆ.

ಐದು ಸಲಕ್ಕೆ ಐದು ಬೇರೆ ಸೆಟ್ಟಿಂಗ್ ಗೆಲ್ಲಬಹುದು. ಅದು ದೋಷವಲ್ಲ, ಆಯ್ಕೆ ಎಷ್ಟು ಅಲುಗಾಡುತ್ತಿದೆ ಎಂಬ ಸೂಚನೆ. ಇಲ್ಲಿ ಅಳೆದದ್ದು ಒಂದು ಮಾಡೆಲನ್ನಲ್ಲ, ಆರಿಸಿ ಕಟ್ಟುವ ಇಡೀ ಕ್ರಮವನ್ನು. ಬಳಕೆಗೆ ಬೇಕಾದ ಮಾಡೆಲ್‌ಗಾಗಿ ಅದೇ ಒಳ ಸುತ್ತನ್ನು ಕೊನೆಗೆ 60 ಜನರ ಮೇಲೂ ನಡೆಸಬೇಕು.

ಈ ವಿಧಾನ ಹೊಸ ರೋಗಿಗಳನ್ನು ತಂದುಕೊಡುವುದಿಲ್ಲ. 60ರಲ್ಲಿ 15 ತಪ್ಪಾದರೆ ಅದು ಶೇ 25. ಆದರೆ ನಿಜವಾದ ಪ್ರಮಾಣ ಶೇ 15ರಿಂದ 37ರವರೆಗೆ ಎಲ್ಲಿಯಾದರೂ ಇರಬಹುದು. ಆ ಅಗಲವನ್ನೂ ಅಂಕಿಯ ಪಕ್ಕದಲ್ಲೇ ಬರೆಯಬೇಕು.