ಒಂದು ಬಾದಾಮಿ ಎಲೆ, ಮೂರು ಡಯೋಡ್

ಮಟಮಟ ಮಧ್ಯಾಹ್ನ. ತಾರಸಿಯ ಮೇಲೆ 330 ವ್ಯಾಟ್‌ನ ಹತ್ತು ಸೋಲಾರ್ ಪ್ಯಾನೆಲ್‌ಗಳು ಬಿಸಿಲಿಗೆ ಮೈಯೊಡ್ಡಿವೆ. ಪಕ್ಕದ ಕಾಡುಬಾದಾಮಿ ಮರದಿಂದ ಉದುರಿದ ಅಗಲವಾದ ಎಲೆಯೊಂದು ಬಂದು ಒಂದು ಪ್ಯಾನೆಲ್ಲಿನ ಒಂದೇ ಸೆಲ್ಲಿನ ಅರ್ಧಭಾಗ ಮುಚ್ಚಿತು ಎನ್ನೋಣ. ಒಟ್ಟು ಇರುವುದು 600 ಸೆಲ್‌ಗಳು. ಹೋಗುವ ವಿದ್ಯುತ್ತು ಎಷ್ಟು?

ಉತ್ತರ ಇರುವುದು ಜೋಡಣೆಯಲ್ಲಿ. ಪ್ರತಿ ಪ್ಯಾನೆಲ್ಲಿನಲ್ಲಿ 60 ಸೆಲ್‌ಗಳು ಒಂದರ ಹಿಂದೊಂದು ಸೇರಿರುತ್ತವೆ; ಹತ್ತು ಪ್ಯಾನೆಲ್‌ಗಳೂ ಹಾಗೆಯೇ ಸಾಲಾಗಿ ಸೇರಿ ಒಂದು ಸ್ಟ್ರಿಂಗ್ ಆಗುತ್ತವೆ. ಪ್ಯಾನೆಲ್ಲಿಗೆ 33 ವೋಲ್ಟ್‌ನಂತೆ ಹತ್ತಕ್ಕೆ 330 ವೋಲ್ಟ್ ಕೂಡುತ್ತದೆ. ಆದರೆ ಕರೆಂಟು ಕೂಡುವುದಿಲ್ಲ. ಅದೇ 10 ಆಂಪಿಯರ್ ಎಲ್ಲ ಸೆಲ್‌ಗಳನ್ನೂ ಹಾಯ್ದು ಬರಬೇಕು. ಅರ್ಧ ಬಿಸಿಲಿನ ಸೆಲ್ಲು ಕೊಡುವುದು 5 ಆಂಪಿಯರ್ ಮಾತ್ರ. ಬೇರೆ ದಾರಿ ಇಲ್ಲದಿದ್ದರೆ ಇಡೀ ಸಾಲು ಅಲ್ಲಿಗೆ ಇಳಿದು, 3,300 ವ್ಯಾಟ್‌ನಲ್ಲಿ ಸುಮಾರು ಅರ್ಧ ಹೋಗುತ್ತದೆ. ಉಳಿದ ಸೆಲ್‌ಗಳ ಒತ್ತಡಕ್ಕೆ ಸಿಕ್ಕ ಆ ಸೆಲ್ಲು ವಿದ್ಯುತ್ತು ಕೊಡುವ ಬದಲು ನುಂಗತೊಡಗುತ್ತದೆ. ಕಾದು ಕಂದುಗಟ್ಟುತ್ತದೆ, ಮೇಲಿನ ಗಾಜು ಸೀಳಲೂಬಹುದು.

ಆ ಬೇರೆ ದಾರಿಯೇ ಬೈಪಾಸ್ ಡಯೋಡ್. ಪ್ಯಾನೆಲ್ಲಿನ ಬೆನ್ನಿಗಿರುವ ಕಪ್ಪು ಜಂಕ್ಷನ್ ಬಾಕ್ಸ್‌ನಲ್ಲಿ ಇಂಥ ಮೂರಿರುತ್ತವೆ, 20 ಸೆಲ್‌ಗಳ ಗುಂಪಿಗೆ ಒಂದರಂತೆ. ಬಿಸಿಲು ಸರಿಯಾಗಿದ್ದಾಗ ಅವು ಸುಮ್ಮನಿರುತ್ತವೆ. ಗುಂಪಿನಲ್ಲೊಂದು ಸೆಲ್ಲು ಹಿಂದೆ ಬಿದ್ದು ಆ ಗುಂಪಿನ ವೋಲ್ಟೇಜು ತಿರುವುಮುರುವಾದೊಡನೆ ಡಯೋಡ್ ತೆರೆದುಕೊಂಡು, ಕರೆಂಟನ್ನು ಆ 20 ಸೆಲ್‌ಗಳ ಬದಿಯಿಂದ ಸಾಗಿಸುತ್ತದೆ. ಗುಂಪಿನ 11 ವೋಲ್ಟ್ ಹೋಯಿತು, ಡಯೋಡ್ ತಾನೂ ಅರ್ಧ ವೋಲ್ಟ್ ತಿಂದಿತು. ಉಳಿದ 318.5 ವೋಲ್ಟ್ 10 ಆಂಪಿಯರ್‌ನಲ್ಲಿ ಬಂದರೆ 3,185 ವ್ಯಾಟ್. ನಷ್ಟ 115 ವ್ಯಾಟ್ ಅಷ್ಟೇ.

ಆದರೆ ಈ ಲೆಕ್ಕ ಇನ್ವರ್ಟರನ್ನೂ ನಂಬಿದೆ. ಎಲೆ ಬಿದ್ದ ಮೇಲೆ ಸ್ಟ್ರಿಂಗ್‌ಗೆ ಎರಡು ಶಿಖರಗಳು: 10 ಆಂಪಿಯರ್‌ನ ಬಳಿ ದೊಡ್ಡದು, 5 ಆಂಪಿಯರ್‌ನ ಬಳಿ ಚಿಕ್ಕದು. ಇನ್ವರ್ಟರ್ ಚಿಕ್ಕದನ್ನೇ ಹತ್ತಿ ಕುಳಿತರೆ ಡಯೋಡ್ ಇದ್ದೂ ಅರ್ಧ ವಿದ್ಯುತ್ತು ಹೋದಂತೆ. ಅದಕ್ಕಾಗಿಯೇ ಹಲವು ಇನ್ವರ್ಟರ್‌ಗಳಲ್ಲಿ ಆಗಾಗ ಇಡೀ ಹಾದಿಯನ್ನು ತಡಕಿ ನೋಡುವ ವ್ಯವಸ್ಥೆ ಇದೆ. ನೆರಳಿರುವ ತಾರಸಿಯಲ್ಲಿ ಅದನ್ನು ಚಾಲೂ ಮಾಡಿಸಿಕೊಳ್ಳಬೇಕು.

ನೆರಳಿನ ಅಳತೆಗಿಂತ ಅದು ಬೀಳುವ ದಿಕ್ಕು ಮುಖ್ಯ. ಗುಂಪುಗಳು ಪ್ಯಾನೆಲ್ಲಿನ ಉದ್ದಕ್ಕೆ ಪಟ್ಟಿಗಳಂತೆ ಹರಡಿರುತ್ತವೆ. ಪ್ಯಾನೆಲ್ಲನ್ನು ಉದ್ದುದ್ದ ನಿಲ್ಲಿಸಿದ್ದರೆ, ತಾರಸಿಯ ಮೋಟುಗೋಡೆಯ ನೆರಳು ಕೆಳಗಿನ ಒಂದೇ ಸಾಲನ್ನು ಮುಚ್ಚಿದರೂ ಮೂರೂ ಗುಂಪುಗಳು ಹೋಗಿ ಪ್ಯಾನೆಲ್ಲೇ ಸಾಲಿನಿಂದ ಹೊರಬೀಳುತ್ತದೆ. ಅಡ್ಡಡ್ಡ ಮಲಗಿಸಿದ್ದರೆ ಅದೇ ನೆರಳು ಕೆಳಗಿನ ಒಂದು ಗುಂಪನ್ನಷ್ಟೇ ಹಿಡಿಯುತ್ತದೆ.

ಡಯೋಡ್‌ಗಳೂ ಕೆಡುತ್ತವೆ. ಸುಟ್ಟು ಕೂಡಿಕೊಂಡರೆ ಒಂದು ಗುಂಪು ನೆರಳಿಲ್ಲದಾಗಲೂ ಕಾಣೆ: ಪ್ಯಾನೆಲ್ಲನ್ನು ಸಾಲಿನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿದಾಗ 40 ವೋಲ್ಟ್ ಇರಬೇಕಾದಲ್ಲಿ 27ರ ಆಸುಪಾಸು ತೋರಿಸುತ್ತದೆ. ಕಡಿದುಹೋದರೆ ಮಾತ್ರ ಮೀಟರ್‌ಗೂ ಸುಳಿವು ಸಿಗದು, ಮುಂದಿನ ಎಲೆ ಬೀಳುವವರೆಗೆ.